ಅಪ್ಪನ ಹೊಸ ಡಿಪಿ ಅಕ್ಕನಿಗೆ ಕಾಣುತ್ತದೆ, ನನಗೆ ಮಾತ್ರ ಕಾಣುತ್ತಿಲ್ಲ

ತುಂಗಾತೀರ:
ನಾನು ಜರ್ಮನಿಯಲ್ಲಿದ್ದೇನೆ, ಅಪ್ಪ ಅಮ್ಮ ಶಿವಮೊಗ್ಗದಲ್ಲಿ. ಅಪ್ಪ ಷಷ್ಟಿಪೂರ್ತಿಯ ಫೋಟೊವನ್ನು ವಾಟ್ಸಾಪ್ ಡಿಪಿಗೆ ಹಾಕಿಕೊಂಡಿದ್ದಾರೆ. ಅಕ್ಕನ ಫೋನಲ್ಲಿ ಚೆನ್ನಾಗಿ ಕಾಣುತ್ತದೆ. ನನಗೆ ಮೊದಲು ಹಳೇ ಫೋಟೊನೇ ಬರುತ್ತಿತ್ತು, ಎರಡು ದಿನದಿಂದ ಬರೀ ಬೂದು ಬಣ್ಣದ ಬೊಂಬೆ. About ಕೂಡ ಖಾಲಿ. ಮೆಸೇಜು, ವಿಡಿಯೋ ಕಾಲ್ ಎಲ್ಲಾ ಸರಿಯಾಗಿದೆ. ಅಪ್ಪನ ನಂಬರು ನನ್ನಲ್ಲಿ +91 ಸಮೇತ ಸೇವ್ ಆಗಿದೆ. ಏನಿರಬಹುದು?

ಬೆಣ್ಣೆದೋಸೆ:
ಡಿಪಿ ಕಾಣದಿದ್ದರೆ ಬ್ಲಾಕ್ ಮಾಡಿದ್ದಾರೆ ಅಂತಲೇ ಅರ್ಥ. ಇಲ್ಲಾಂದ್ರೆ ಫೋನಿನ ಸೆಟ್ಟಿಂಗ್ಸಲ್ಲಿ ವಾಟ್ಸಾಪಿನ ಡೇಟಾ ಕ್ಲಿಯರ್ ಮಾಡಿ ನೋಡಿ.

ಸಂಜೆಬಸ್ಸು:
ದಯವಿಟ್ಟು ಡೇಟಾ ಕ್ಲಿಯರ್ ಮಾಡಬೇಡಿ. ಬ್ಯಾಕಪ್ ಇಲ್ಲದಿದ್ದರೆ ಚಾಟ್ ಎಲ್ಲಾ ಹೋಗುತ್ತದೆ. ಕ್ಯಾಶ್ ತೆಗೆಯುವುದು ಬೇರೆ, ಅದರಿಂದ ಚಾಟಿಗೆ ತೊಂದರೆ ಇಲ್ಲ. ಬ್ಲಾಕ್ ಮಾಡಿದರೂ ಹೊಸ ಫೋಟೊ ಬರುವುದಿಲ್ಲ, ಅದು ನಿಜ. ಆದರೆ ಆಗ ಕಾಲ್ ಹೋಗುವುದಿಲ್ಲ, ಮೆಸೇಜು ಒಂದೇ ಟಿಕ್‌ನಲ್ಲಿ ನಿಲ್ಲುತ್ತದೆ. ಇವರು ದಿನಾ ಮಾತಾಡುತ್ತಿದ್ದಾರಲ್ವಾ?

ತುಂಗಾತೀರ ಅವರೇ, ಅಪ್ಪನ ಫೋನಲ್ಲಿ ಎರಡು ವಿಷಯ ನೋಡಿಸಿ. Settings → Privacy → Profile photo ಒಳಗೆ ಏನಿದೆ? ಹಾಗೇ, ನಿಮ್ಮ ಚಾಟಿನ ಮೇಲೆ ನಿಮ್ಮ ಹೆಸರು ಹೇಗೆ ಕಾಣುತ್ತದೆ?

ಅಡಿಕೆತೋಟ:
ನನ್ನದೂ ಇಂಥದ್ದೇ ಕಥೆ. ಪ್ರೊಫೈಲಿನಲ್ಲಿ ಹೆಸರು ಬದಲಾಯಿಸಿ ಅಂಗಡಿ ಹೆಸರು ಹಾಕಿದೆ. ನೆಂಟರ ಫೋನಲ್ಲಿ ಇನ್ನೂ ಹಳೇ ಹೆಸರೇ ಬರುತ್ತಿದೆ. ಈ ಹೆಸರು ಯಾರಿಗೆ ಕಾಣಬೇಕು ಅಂತ ಎಲ್ಲಿ ಹೇಳುವುದು?

ತುಂಗಾತೀರ:
ಅಕ್ಕ ನೋಡಿ ಹೇಳಿದಳು. Profile photo ಮತ್ತು About ಎರಡರಲ್ಲೂ My contacts ಇದೆ. ಹೋದ ತಿಂಗಳು ಯಾರೋ ಅಪರಿಚಿತರು ಅಪ್ಪನ ಫೋಟೊ ಬಳಸಿ ನೆಂಟರ ಹತ್ತಿರ ದುಡ್ಡು ಕೇಳಿದ್ದರಂತೆ, ಅದಕ್ಕೆ ಅವಳೇ Everyone ತೆಗೆದಳಂತೆ. ಚಾಟಿನ ಮೇಲೆ ನನ್ನ ಜರ್ಮನ್ ನಂಬರು ಇದೆ, ಪಕ್ಕದಲ್ಲಿ ~ ಗುರುತು ಹಾಕಿ ನನ್ನ ಹೆಸರು. ಆದರೆ ನಾನು ಅಪ್ಪನ ಕಾಂಟ್ಯಾಕ್ಟ್ಸಲ್ಲಿ ಇದ್ದೇನೆ, ಅಕ್ಕ ನೋಡಿದ್ದಾಳೆ!

ಸಂಜೆಬಸ್ಸು:
ಆ ~ ಗುರುತಿನಲ್ಲೇ ಉತ್ತರ ಇದೆ. ನೀವು ಪ್ರೊಫೈಲಿನಲ್ಲಿ ಬರೆದುಕೊಂಡ ಹೆಸರು ಆ ಗುರುತಿನ ಜೊತೆ ಕಾಣುವುದು ನಿಮ್ಮ ನಂಬರು ಸೇವ್ ಇಲ್ಲದವರ ಫೋನಲ್ಲಿ. ಸೇವ್ ಮಾಡಿದವರಿಗೆ ಅವರೇ ಬರೆದಿಟ್ಟ ಹೆಸರು ಬರುತ್ತದೆ. ಅಂದರೆ ವಾಟ್ಸಾಪ್ ಲೆಕ್ಕದಲ್ಲಿ ಅಪ್ಪನ ಹತ್ತಿರ ನಿಮ್ಮ ನಂಬರೇ ಇಲ್ಲ.

My contacts ಅಂದರೆ ಫೋಟೊ ಹಾಕಿದವರ ಫೋನ್‌ಬುಕ್ಕಿನಲ್ಲಿ ಇರುವವರು. ಅಪ್ಪನ ನಂಬರನ್ನು ನೀವು ಸೇವ್ ಮಾಡಿದ್ದರೆ ಸಾಲದು, ನಿಮ್ಮದು ಅವರಲ್ಲಿ ಇರಬೇಕು. ಹೆಚ್ಚಿನವರು ಇದನ್ನು ತಿರುಗುಮುರುಗು ಅಂದುಕೊಳ್ಳುತ್ತಾರೆ. ಇದು ಮೊದಲು Everyone ಇದ್ದದ್ದರಿಂದ ನಿಮಗೆ ಗೊತ್ತೇ ಆಗಲಿಲ್ಲ. ಅಪ್ಪ ನಿಮ್ಮ ನಂಬರನ್ನು ಹೇಗೆ ಬರೆದುಕೊಂಡಿದ್ದಾರೆ? 017 ಅಂತ ಶುರುವಾಗುತ್ತದಾ?

ತುಂಗಾತೀರ:
ಹೌದು, 0176 ಅಂತ! ಇಲ್ಲಿಗೆ ಬಂದ ಹೊಸದರಲ್ಲಿ ನಾನೇ ಹಾಗೆ ಹೇಳಿ ಬರೆಸಿದ್ದೆ. ಮೆಸೇಜು ಯಾವಾಗಲೂ ನಾನೇ ಮೊದಲು ಕಳಿಸಿದ್ದು, ಹಾಗಾಗಿ ಚಾಟ್ ನಡೆಯುತ್ತಿತ್ತು.

ಸಂಜೆಬಸ್ಸು:
ಆ 0 ತೆಗೆದು ಮುಂದೆ +49 ಸೇರಿಸಿ. +49 176 ಅಂತ ಶುರುವಾಗಬೇಕು. ದೇಶದ ಕೋಡ್ ಇಲ್ಲದಿದ್ದರೆ ಅಪ್ಪನ ಫೋನು ಅದನ್ನು ಭಾರತದ ನಂಬರು ಅಂತ ತಿಳಿಯುತ್ತದೆ. ಊರಿನವರ ಹತ್ತು ಅಂಕಿಯ ನಂಬರುಗಳು ಕೋಡ್ ಇಲ್ಲದೆ ನಡೆಯುವುದೂ ಅದಕ್ಕೇ. ಸೇವ್ ಮಾಡಿದ ಮೇಲೆ ~ ಹೋಗಿ ಅಪ್ಪ ಇಟ್ಟ ಹೆಸರು ಬಂದರೆ ಸರಿಯಾಯಿತು ಅಂತ. ಆಮೇಲೆ ನೀವು ಅಪ್ಪನ ಚಾಟ್ ತೆರೆದು, ಮೇಲಿನ ಹೆಸರು ಒತ್ತಿ, ಫೋಟೊ ದೊಡ್ಡದು ಮಾಡಿ ನೋಡಿ. Everyone ಗೆ ಮಾತ್ರ ವಾಪಸ್ ಹೋಗಬೇಡಿ, ಅಕ್ಕ ಮಾಡಿದ್ದು ಒಳ್ಳೇ ಕೆಲಸ.

ಅಡಿಕೆತೋಟ ಅವರೇ, ನಿಮ್ಮ ನೆಂಟರಿಗೆ ಕಾಣುತ್ತಿರುವುದು ಅವರೇ ಸೇವ್ ಮಾಡಿಕೊಂಡ ಹೆಸರು. ಅದನ್ನು ನೀವು ಬದಲಾಯಿಸಲಾಗದು. ಫೋಟೊ, About ಮುಚ್ಚಿಡಬಹುದು. ಹೆಸರಿಗೆ ಅಂಥ ಸೆಟ್ಟಿಂಗ್ ಇಲ್ಲ. ಗ್ರೂಪಿನಲ್ಲಿ ನಿಮ್ಮನ್ನು ಸೇವ್ ಮಾಡದವರಿಗೂ ಅದು ಕಾಣುತ್ತದೆ, ಹಾಗಾಗಿ ಅಲ್ಲಿ ಮನೆ ವಿಳಾಸ, ಇನ್ನೊಂದು ನಂಬರು ಬರೆಯಬೇಡಿ.

ಬೆಣ್ಣೆದೋಸೆ:
ನಾನು ಬ್ಲಾಕ್ ಅಂತ ಹೇಳಿದ್ದು ತಪ್ಪಾಯಿತು. ಆದರೆ ನನ್ನ ಗೆಳೆಯನದು ಬೇರೆ ಥರ. ಇಬ್ಬರೂ ಊರಲ್ಲೇ ಇದ್ದೇವೆ, ಇಬ್ಬರೂ ಸೇವ್ ಮಾಡಿಕೊಂಡಿದ್ದೇವೆ. ಚಾಟ್ ಪಟ್ಟಿಯಲ್ಲಿ ಹಳೇ ಫೋಟೊ, ಒತ್ತಿದರೆ ಹೊಸದು.

ಸಂಜೆಬಸ್ಸು:
ದೊಡ್ಡದು ಹೊಸದಿದ್ದರೆ ಅನುಮತಿ ಇದೆ ಅಂತ ಆಯಿತು. ಚಿಕ್ಕದು ನಿಮ್ಮ ಫೋನಲ್ಲಿ ಹಳೆಯದೇ ಉಳಿದಿರಬೇಕು. ಕ್ಯಾಶ್ ತೆಗೆದು ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ತುಂಗಾತೀರ:
ಬಂತು! ಅಪ್ಪ ಜರಿಪೇಟ ಹಾಕಿಕೊಂಡು ಕೂತಿದ್ದಾರೆ, ಪಕ್ಕದಲ್ಲಿ ಅಮ್ಮ. About ನಲ್ಲಿ "ಮೊಮ್ಮಗಳ ದಾರಿ ಕಾಯುತ್ತಾ" ಅಂತ ಬರೆದುಕೊಂಡಿದ್ದಾರೆ. ಇಷ್ಟು ದಿನ ಇದು ನನಗೆ ಕಂಡೇ ಇರಲಿಲ್ಲ.

ಬೆಣ್ಣೆದೋಸೆ:
ಕ್ಯಾಶ್ ತೆಗೆದೆ, ಆಫ್ ಮಾಡಿ ಆನ್ ಮಾಡಿದೆ. ಪಟ್ಟಿಯಲ್ಲಿ ಇನ್ನೂ ಹಳೇದೇ ಇದೆ. ಲ್ಯಾಪ್‌ಟಾಪಿನ ವಾಟ್ಸಾಪ್ ವೆಬ್‌ನಲ್ಲಿ ಮಾತ್ರ ಹೊಸದು ಬರುತ್ತಿದೆ. ಬೇರೆ ಯಾರಿಗಾದರೂ ಹೀಗಾಗಿ ಸರಿಹೋಗಿದ್ದರೆ ತಿಳಿಸಿ.