ಪದ ಬೇಕಿದೆ: ದೂರದ ಗುಡ್ಡ ಮಾಸಿ ಕಾಣುವುದಕ್ಕೆ ಏನೆನ್ನೋಣ?

ಶಿರಸಿಯಿಂದ:
ಎಲ್ಲರಿಗೂ ನಮಸ್ಕಾರ. ಫೋಟೋ ಎಡಿಟಿಂಗ್ ತರಬೇತಿಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು. ಮಾಗೋಡು ಜಲಪಾತದ ಚಿತ್ರದಲ್ಲಿ, ಕಣಿವೆಯಾಚೆಯ ಬಂಡೆಯ ಮೇಲೆ ಬೇರೆ ಫೋಟೋದ ಹೆಂಗಸೊಬ್ಬಳನ್ನು ತಂದು ನಿಲ್ಲಿಸುವ ಪಾಠ ಅದು. ಅಷ್ಟು ದೂರದ ಗುಡ್ಡ ತಿಳಿನೀಲಿಗೆ ಮಾಸಿರುತ್ತದೆ, ಆಕೆ ಮಾತ್ರ ಕತ್ತರಿಸಿ ಅಂಟಿಸಿದ ಹಾಗೆ ಎದ್ದು ಕಾಣುತ್ತಾಳೆ. ಆ ಮಾಸಲಿಗೆ ಮೂಲದಲ್ಲಿ ‘ಹೇಜ್’ ಎಂದಿದೆ. ‘ಮಂಜು’ ಸಾಕೇ?

ಧಾರವಾಡದಿಂದ:
ಸಾಲದು. ‘ವಾಯವ್ಯ ಪರಿಪ್ರೇಕ್ಷ್ಯ’ ಎನ್ನಿ. ಶಾಸ್ತ್ರದ ಮಾತಿಗೆ ಶಾಸ್ತ್ರದ ಪದವೇ ಬೇಕು.

ಸಿದ್ದಾಪುರದಿಂದ:
ವಾಯವ್ಯ ಅಂದರೆ ಓದುವವನು ದಿಕ್ಕು ಹುಡುಕುತ್ತಾನೆ. ನಮ್ಮದೇ ‘ಮಬ್ಬು’ ಇದೆಯಲ್ಲ. ತೆಲುಗಿನಲ್ಲಿ ಮಬ್ಬು ಎಂದರೆ ಮೋಡ, ತಮಿಳಿನಲ್ಲಿ ಮಪ್ಪು ಎಂದರೆ ಮೋಡ ಕವಿದದ್ದು. ದ್ರಾವಿಡ ಬೇರಿನ ಪದ ಇರುವಾಗ ಸಾಲ ಯಾಕೆ? ಆಕೆಗೆ ಸ್ವಲ್ಪ ಬ್ಲರ್ ಕೊಟ್ಟರೆ ಗುಡ್ಡದ ಜೊತೆ ಸೇರಿಕೊಳ್ಳುತ್ತಾಳೆ. ಬ್ಲರ್‌ಗೂ ಮಬ್ಬು, ಹೇಜ್‌ಗೂ ಮಬ್ಬು. ಮುಗಿಯಿತು.

ಕಾರವಾರದಿಂದ:
ಮುಗಿಯಲಿಲ್ಲ ಮಾರಾಯ್ರೆ. ಎರಡಕ್ಕೂ ಒಂದೇ ಪದ ಕೊಟ್ಟರೆ ಪಾಠವೇ ತಪ್ಪುತ್ತದೆ. ಸದಾಶಿವಗಡದಿಂದ ಕಾಳಿ ನದಿಯಾಚೆಯ ಗುಡ್ಡ ನೋಡಿ. ಅದರ ಅಂಚು ಗೆರೆ ಎಳೆದಷ್ಟು ಸ್ಪಷ್ಟ, ಬಣ್ಣ ಮಾತ್ರ ತೆಳು. ನಡುವಿನ ಗಾಳಿ ತನ್ನ ಬೆಳಕನ್ನು ಗುಡ್ಡದ ಬೆಳಕಿಗೆ ಬೆರೆಸಿರುತ್ತದೆ, ಹಾಗಾಗಿ ಕಪ್ಪು ಮೇಲೇಳುತ್ತದೆ, ಬಿಳಿ ತುಸು ಇಳಿಯುತ್ತದೆ. ಅಂಚು ಕದಡುವುದು ಲೆನ್ಸಿನ ಫೋಕಸ್‌ನಿಂದ. ಅದು ಬೇರೆ ಕಾರಣ, ಬೇರೆ ಹೆಸರು.

ಸ್ಟುಡಿಯೋದಲ್ಲಿ ನಾನು ಮಾಡುವುದು ಹೀಗೆ. ಮೊದಲು ಆಕೆಯಷ್ಟೇ ದೂರದಲ್ಲಿರುವ ಒಂದು ಮರ ಹುಡುಕಿ, ಅದರ ಅತಿ ಕಪ್ಪು ನೆರಳಿನ ಬಣ್ಣ ಎತ್ತಿ ನೋಡುತ್ತೇನೆ. ಕೆಂಪು, ಹಸಿರು, ನೀಲಿ ಅಂಶಗಳು 96, 100, 105 ಬಂದವು ಎನ್ನಿ. ಗುಡ್ಡದ ಅಂಚಿಗೆ ತಾಗಿದ ಆಕಾಶ 195, 205, 215. ಆಕೆಯ ಕೂದಲು ಮೂರರಲ್ಲೂ 15. ಆ ಆಕಾಶದ ಬಣ್ಣದ ಪದರವೊಂದನ್ನು ಆಕೆಯ ಮೇಲೆ ಮಾತ್ರ ಬೀಳುವಂತೆ ಕ್ಲಿಪ್ ಮಾಡಿ ಅದರ ಒಪಾಸಿಟಿಯನ್ನು ಶೇ 45ಕ್ಕೆ ಇಟ್ಟರೆ ಕೂದಲು ಸುಮಾರು 96, 100, 105ಕ್ಕೆ ಬರುತ್ತದೆ. ಅದೇ ಪದರ 240ರ ಬಿಳಿ ಸೀರೆಯ ಕೆಂಪಂಶವನ್ನು 220ಕ್ಕೆ ಇಳಿಸುತ್ತದೆ. ಬಣ್ಣವನ್ನು ನೆತ್ತಿಯ ಮೇಲಿನ ಕಡುನೀಲಿಯಿಂದ ಎತ್ತಬೇಡಿ, ಆಕೆಗೆ ನೀಲಿ ಬಳಿದಂತಾಗುತ್ತದೆ.

ಬಹಳ ಜನ ಆಕೆಯ ಪದರದ ಒಪಾಸಿಟಿಯನ್ನೇ ಇಳಿಸುತ್ತಾರೆ. ಆಗ ಹಿಂದಿನ ಕೊಂಬೆ ಹೊಟ್ಟೆಯೊಳಗಿಂದ ಕಾಣುತ್ತದೆ. ಬ್ಲರ್ ಕೊಡುವುದಿದ್ದರೆ ಕೊನೆಗೆ, ಪಕ್ಕದ ಕಾಂಡದ ಅಂಚು ಎಷ್ಟು ಪಿಕ್ಸೆಲ್‌ನಲ್ಲಿ ಕರಗಿದೆಯೋ ಅಷ್ಟೇ. ಎಲ್ಲ ಆದಮೇಲೆ ಚಿತ್ರವನ್ನು ಕಪ್ಪುಬಿಳುಪು ಮಾಡಿ ನೋಡಿ. ಕೂದಲು ಮರದ ನೆರಳಿಗಿಂತ ಕಪ್ಪಾಗಿದ್ದರೆ ಆಕೆ ಇನ್ನೂ ಹತ್ತಿರದಲ್ಲೇ ನಿಂತಿದ್ದಾಳೆ.

ಕುಮಟಾದಿಂದ:
ನಮ್ಮ ಮನೆಯಲ್ಲೂ ಇದೇ ಆಯಿತು. ತೀರಿಕೊಂಡ ಅಜ್ಜನನ್ನು ಯಾಣದ ಗ್ರೂಪ್ ಫೋಟೋದಲ್ಲಿ ನಿಲ್ಲಿಸಿಕೊಡಿ ಎಂದು ಒಂದು ಕಡೆ ಕೊಟ್ಟಿದ್ದೆವು. ಅಜ್ಜನಿಗೆ ನೆರಳೇ ಇರಲಿಲ್ಲ, ಆಯಿ ಆ ಫೋಟೋ ಗೋಡೆಗೆ ಹಾಕಲು ಬಿಡಲಿಲ್ಲ. ನೆರಳಿಗೂ ಇದೇ ಪದರ ಸಾಕೇ?

ಕಾರವಾರದಿಂದ:
ಅಜ್ಜ ನಿಂತದ್ದು ಎಲ್ಲರ ಸಾಲಿನಲ್ಲಾದರೆ ನಡುವೆ ಗಾಳಿಯೇ ಇಲ್ಲ ಅಕ್ಕಾ, ಈ ಪದರ ಬೇಡ. ಕಾಲಡಿಯ ನೆರಳನ್ನು ಬೇರೆಯಾಗಿಯೇ ಬಿಡಿಸಬೇಕು. ದೂರದ ಆಕೃತಿಯಾದರೆ ಮಾತ್ರ ನೆರಳೂ ಅಷ್ಟೇ ಮಾಸಬೇಕು.

ಶಿರಸಿಯಿಂದ:
ಹಾಗಾದರೆ ಹೇಜ್‌ಗೆ ‘ಮಾಸಲು’, ಬ್ಲರ್‌ಗೆ ‘ಬ್ಲರ್’ ಎಂದೇ ಇಡಲೇ? ‘ಮಂಜು’ ಬೇಡವೆನಿಸಿತು. ನಮ್ಮಲ್ಲಿ ಮಂಜು ಎಂದರೆ ಚಳಿಗಾಲದ ಬೆಳಗಿನ ನೀರಹನಿ, ಅದು ಹತ್ತು ಮಾರಿನ ಅಡಿಕೆ ಮರವನ್ನೂ ನುಂಗಿಬಿಡುತ್ತದೆ. ಮಾರ್ಚ್‌ನಲ್ಲಿ ಗುಡ್ಡದ ಕರಡಕ್ಕೆ ಬೆಂಕಿ ಬಿದ್ದ ಹೊಗೆ ಕೂಡ ಹೇಜ್ ಆಗುತ್ತದೆ, ಅದನ್ನು ಯಾರೂ ಮಂಜು ಎನ್ನುವುದಿಲ್ಲ.

ಧಾರವಾಡದಿಂದ:
‘ಮಾಸಲು’ ಹಳೆ ಬಟ್ಟೆಗೆ ಹೇಳುವ ಮಾತು. ಪಠ್ಯದಲ್ಲಿ ಬರಕೂಡದು.

ಸಿದ್ದಾಪುರದಿಂದ:
ಮಾಸಲು ಒಪ್ಪಿದೆ. ‘ಬ್ಲರ್’ ಒಪ್ಪುವುದಿಲ್ಲ. ಇವತ್ತು ಬ್ಲರ್ ಒಳಗೆ ಬಿಟ್ಟರೆ ನಾಳೆ ನಮ್ಮ ಕ್ರಿಯಾಪದವೂ ಹೋಗುತ್ತದೆ. ‘ಕದಡು’ ಎನ್ನಿ.

ಕಾರವಾರದಿಂದ:
ತರಬೇತಿಗೆ ಬರುವ ಹುಡುಗ ಮೆನುವಿನಲ್ಲಿ ‘ಕದಡು’ ಹುಡುಕಿದರೆ ಸಿಗುವುದಿಲ್ಲ ಸರ್. ಒತ್ತಬೇಕಾದ ಗುಂಡಿಯ ಹೆಸರು ಹಾಗೆಯೇ ಇರಲಿ, ಕಣ್ಣಿಗೆ ಕಾಣುವುದಕ್ಕೆ ಮಾತ್ರ ಕನ್ನಡ ಕೊಡಿ.

ಸಿದ್ದಾಪುರದಿಂದ:
ಗುಂಡಿಯ ಹೆಸರನ್ನೂ ನಾವೇ ಇಡಬೇಕಿತ್ತು. ತಡವಾದದ್ದು ನಮ್ಮ ತಪ್ಪು, ಪದದ್ದಲ್ಲ.

ಶಿರಸಿಯಿಂದ:
ಪಾಠದ ತಲೆಬರಹಕ್ಕೆ ‘ದೂರದ ಮಾಸಲು’ ಎಂದು ಹಾಕಿದೆ, ಬ್ಲರ್ ಹಾಗೇ ಉಳಿಯಿತು. ಒಂದು ಬಾಕಿ ಇದೆ: ಸಂಜೆ ಬಿಸಿಲಿಗೆ ಎದುರಾಗಿ ತೆಗೆದಾಗ ಈ ಮಾಸಲು ನೀಲಿ ಬಿಟ್ಟು ಹೊಂಬಣ್ಣಕ್ಕೆ ತಿರುಗುತ್ತದಲ್ಲ, ಅದಕ್ಕೆ ಘಟ್ಟದ ಕೆಳಗೆ ಯಾರಾದರೂ ಬೇರೆ ಮಾತು ಬಳಸುತ್ತೀರಾ? ರಾತ್ರಿ ಒಳಗೆ ಬರೆದರೆ ಸೇರಿಸುತ್ತೇನೆ.