ಮೊದಲ ಸಂಬಳದ ಸ್ಲಿಪ್: 22,090 ಇದ್ದದ್ದು 12,073 ಆದದ್ದು ಹೇಗೆ?

ಕೇಳಿದವರು, ಕುಮಟಾ:
ಜೂನ್ 11ಕ್ಕೆ ಕಾರವಾರದ ಒಂದು ಖಾಸಗಿ ಆಫೀಸಿಗೆ ಸೇರಿದೆ. ಇದು ನನ್ನ ಮೊದಲ ಕೆಲಸ. ಆಫರ್ ಲೆಟರ್‌ನಲ್ಲಿ ತಿಂಗಳಿಗೆ 22,090 ಅಂತ ಇತ್ತು, ಖಾತೆಗೆ ಬಿದ್ದದ್ದು 12,073. ಸ್ಲಿಪ್‌ನಲ್ಲಿ ಬೇಸಿಕ್ 8,000, ಎಚ್‌ಆರ್‌ಎ 3,200, ಸ್ಪೆಷಲ್ ಅಲೋವನ್ಸ್ 2,133, ಗ್ರಾಸ್ 13,333 ಅಂತಿದೆ. ಕಡಿತದಲ್ಲಿ ಪಿಎಫ್ 960, ಇಎಸ್‌ಐ 100, ಪಿಟಿ 200. ಉಳಿದ ದುಡ್ಡು ಎಲ್ಲಿ ಹೋಯ್ತು ಅಂತ ಅಪ್ಪ ಕೇಳ್ತಾರೆ, ನನಗೆ ಹೇಳಲಿಕ್ಕೆ ಬರ್ತಿಲ್ಲ. ಗೊತ್ತಿದ್ದವರು ಒಂದೊಂದೇ ಸಾಲು ಬಿಡಿಸಿ ಹೇಳಿ.

ಅಂಕೋಲಾ, ಬ್ಯಾಂಕಿನಲ್ಲಿ ಕೆಲಸ:
ತಂಗಿ, ಹೆದರಬೇಡ, ಎಲ್ಲ ಸರಿಯಾಗಿಯೇ ಇದೆ. ಸಂಬಳ 15,000 ದಾಟಿದರೆ ಕರ್ನಾಟಕದಲ್ಲಿ ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ ಹಿಡಿಯುತ್ತಾರೆ, ಪಿಟಿ ಅಂದರೆ ಅದೇ. ಪಿಎಫ್ ಬೇಸಿಕ್‌ನ ಶೇ. 12. ನೀನು ಕೊಟ್ಟಷ್ಟೇ ಕಂಪನಿಯೂ ಹಾಕಬೇಕು. ಹಾಗಾಗಿ ಪಿಎಫ್ ಖಾತೆಯಲ್ಲಿ 960 ಎರಡು ಸಲ, ಒಟ್ಟು 1,920 ಜಮಾ ಆಗಿರಬೇಕು. ಅಷ್ಟಿಲ್ಲದಿದ್ದರೆ ಕಂಪನಿ ಮೋಸ ಮಾಡಿದೆ ಅಂತಲೇ ಲೆಕ್ಕ.

ಹೊನ್ನಾವರ:
ಪಿಎಫ್ ಬೇಡ ಅಂತ ಒಂದು ಅರ್ಜಿ ಬರೆದುಕೊಡು, ಪೂರ್ತಿ ಸಂಬಳ ಕೈಗೆ ಬರುತ್ತದೆ. ನನ್ನ ಅಣ್ಣನ ಮಗ ಬೆಂಗಳೂರಿನಲ್ಲಿ ಹಾಗೇ ಮಾಡಿದ.

ಶಿರಸಿ, 14 ವರ್ಷದಿಂದ ಸಂಬಳದ ಲೆಕ್ಕ ಬರೆಯುವವರು:
ಮೊದಲು 22,090 ಎಲ್ಲಿಂದ ಬಂತು ನೋಡೋಣ. ನೀವು ಸೇರಿದ್ದು 11ಕ್ಕೆ, ಅಂದರೆ ಜೂನ್‌ನ 30 ದಿನಗಳಲ್ಲಿ 20 ದಿನದ ಸಂಬಳ ಮಾತ್ರ ನಿಮಗೆ ಬಂದಿದೆ. 20 ದಿನಕ್ಕೆ ಬೇಸಿಕ್ 8,000 ಆದರೆ ಪೂರ್ತಿ ತಿಂಗಳಿಗೆ 12,000. ಎಚ್‌ಆರ್‌ಎ 4,800, ಸ್ಪೆಷಲ್ 3,200. ಒಟ್ಟು 20,000. ನಿಮ್ಮ ನಿಜವಾದ ಗ್ರಾಸ್ ಇದು. ಇದರ ಮೇಲೆ ಕಂಪನಿ ತನ್ನ ಪಾಲಿನ ಪಿಎಫ್ 1,440, ತನ್ನ ಪಾಲಿನ ಇಎಸ್‌ಐ 650 ಸೇರಿಸಿ 22,090 ಅಂತ ಲೆಟರ್‌ನಲ್ಲಿ ಬರೆದಿದೆ. ಆ 2,090 ನಿಮ್ಮ ಹೆಸರಿನಲ್ಲಿ ಕಂಪನಿ ಮಾಡುವ ಖರ್ಚು. ಅದು ಸ್ಲಿಪ್‌ನ ಗ್ರಾಸ್‌ಗೂ ಬರುವುದಿಲ್ಲ, ಕಡಿತಕ್ಕೂ ಬರಬಾರದು. ಗ್ರಾಸ್ 20,000 ಅಂತ ತೋರಿಸಿ ಅದರಿಂದಲೇ ಎರಡೂ ಪಾಲಿನ ಪಿಎಫ್ ಕಡಿದ ಸ್ಲಿಪ್‌ಗಳನ್ನು ನಾನು ನೋಡಿದ್ದೇನೆ. ಮಾಲೀಕರ ಪಾಲನ್ನು ನೌಕರರ ಸಂಬಳದಿಂದ ಹಿಡಿಯುವುದನ್ನು ಪಿಎಫ್ ಯೋಜನೆಯೇ ನಿಷೇಧಿಸಿದೆ. ನಿಮ್ಮ ಸ್ಲಿಪ್‌ನಲ್ಲಿ ಆ ತಪ್ಪಿಲ್ಲ.

ಇಎಸ್‌ಐ ಅಂದರೆ ನೌಕರರ ಆರೋಗ್ಯ ವಿಮೆ, ಅದರ 100 ಸರಿ. ಗ್ರಾಸ್‌ನ ಶೇ. 0.75, ಪೈಸೆ ಬಂದರೆ ಮೇಲಿನ ರೂಪಾಯಿಗೆ ಏರಿಸುತ್ತಾರೆ. ತಿಂಗಳ ಸಂಬಳ 21,000ದವರೆಗೆ ಇದ್ದವರಿಗೆ ಇದು ಅನ್ವಯ. ನಿಮ್ಮ ವಿಮಾ ಸಂಖ್ಯೆಯನ್ನು ಈಗಲೇ ಕೇಳಿ ಪಡೆದುಕೊಳ್ಳಿ, ಕಾಯಿಲೆ ಬಂದ ಮೇಲೆ ಹುಡುಕಾಡುವುದು ಕಷ್ಟ.

ತಪ್ಪಿರುವುದು ಪಿಟಿ ಸಾಲಿನಲ್ಲಿ. ಬ್ಯಾಂಕಿನವರು ಹೇಳಿದ 15,000 ಹಳೆಯ ಮಿತಿ. 2023ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲ. ನಿಮ್ಮ ಪೂರ್ತಿ ತಿಂಗಳ ಗ್ರಾಸ್ ಹಿಡಿದರೂ 20,000 ಮಾತ್ರ. ಸಾಫ್ಟ್‌ವೇರ್‌ನಲ್ಲಿ ಹಳೆಯ ಮಿತಿ ಹಾಗೇ ಉಳಿದಿರಬೇಕು. 200 ರೂಪಾಯಿ ವಾಪಸ್ ಕೇಳಿ, ಕೈಗೆ 12,273 ಬರಬೇಕಿತ್ತು.

ಇನ್ನು 1,920ರ ವಿಷಯ. ಪಿಎಫ್ ಪಾಸ್‌ಬುಕ್ ತೆರೆದಾಗ ನಿಮಗೆ ಮೂರು ಕಾಲಂ ಕಾಣುತ್ತದೆ. ನಿಮ್ಮ ಪಾಲು 960. ಪಕ್ಕದಲ್ಲಿ ಕಂಪನಿಯ ಪಾಲು ಬರೀ 294, ಮೂರನೆಯದರಲ್ಲಿ ಪೆನ್ಷನ್ 666. ಈ 294 ನೋಡಿ ಎಷ್ಟೋ ಮಕ್ಕಳು ನನ್ನ ಟೇಬಲ್ಲಿಗೆ ಸಿಟ್ಟಿನಿಂದ ಬಂದಿದ್ದಾರೆ. ಕಂಪನಿ ಕಟ್ಟುವ ಶೇ. 12ರಲ್ಲಿ ಶೇ. 8.33 ಪೆನ್ಷನ್ ನಿಧಿಗೆ ಹೋಗುತ್ತದೆ, ಉಳಿದದ್ದು ಮಾತ್ರ ನಿಮ್ಮ ಪಿಎಫ್‌ಗೆ. 294 ಮತ್ತು 666 ಕೂಡಿಸಿ, 960 ಬಂದರೆ ಕಂಪನಿ ಸರಿಯಾಗಿ ಕಟ್ಟಿದೆ. ಬಡ್ಡಿ ಬೆಳೆಯುವುದು ಮೊದಲ ಎರಡು ಕಾಲಂಗೆ ಮಾತ್ರ. ಪೆನ್ಷನ್ ಕಾಲಂ ಉಳಿತಾಯ ಖಾತೆಯಂತಲ್ಲ, ಅದಕ್ಕೆ ಬಡ್ಡಿ ಸೇರುವುದಿಲ್ಲ. ಹತ್ತು ವರ್ಷ ಸೇವೆಯಾದರೆ ಪಿಂಚಣಿಗೆ ಅರ್ಹತೆ ಬರುತ್ತದೆ.

ಹೊನ್ನಾವರದವರೇ, ಪಿಎಫ್ ಅನ್ವಯವಾಗುವ ಕಂಪನಿಯಲ್ಲಿ ಬೇಸಿಕ್ 15,000ದ ಒಳಗಿದ್ದವರು ಬೇಡ ಅನ್ನುವಂತಿಲ್ಲ. ನಿಮ್ಮ ಅಣ್ಣನ ಮಗನ ಬೇಸಿಕ್ ಅದಕ್ಕಿಂತ ಹೆಚ್ಚಿದ್ದು, ಅದು ಅವನ ಮೊದಲ ಕೆಲಸವಾಗಿದ್ದಿರಬೇಕು.

ಕಾರವಾರ, ಗುತ್ತಿಗೆ ಕೆಲಸದಲ್ಲಿದ್ದವನು:
ಸ್ಲಿಪ್ ಸರಿ ಇದ್ದರೆ ಸಾಕಾಗುವುದಿಲ್ಲ ಅಕ್ಕ. ನಾನು ಒಬ್ಬ ಗುತ್ತಿಗೆದಾರರ ಕೈಕೆಳಗೆ ಎಂಟು ತಿಂಗಳು ದುಡಿದೆ. ಎಂಟೂ ಸ್ಲಿಪ್‌ನಲ್ಲಿ ಪಿಎಫ್ ಕಡಿದಿದ್ದಾರೆ, ಪಾಸ್‌ಬುಕ್‌ನಲ್ಲಿ ಐದೇ ತಿಂಗಳದ್ದು ಇತ್ತು. ಕೆಲಸ ಬಿಡುವಾಗಲೇ ಗೊತ್ತಾದದ್ದು. ಸ್ಲಿಪ್‌ಗಳ ಫೋಟೋ ಹಾಕಿ epfigms.gov.in ನಲ್ಲಿ ದೂರು ಕೊಟ್ಟೆ. ಎರಡು ತಿಂಗಳದ್ದು ಬಂತು, ಒಂದು ತಿಂಗಳದ್ದು ಇವತ್ತಿಗೂ ಬಂದಿಲ್ಲ. ದಯವಿಟ್ಟು ಪ್ರತಿ ತಿಂಗಳೂ ನೋಡಿ.

ಶಿರಸಿ:
ಇವರು ಹೇಳಿದ್ದು ತುಂಬ ಮುಖ್ಯ. ಜೂನ್ ಸಂಬಳದ ಪಿಎಫ್ ಅನ್ನು ಕಂಪನಿ ಜುಲೈ 15ರೊಳಗೆ ಕಟ್ಟಬೇಕು. ಪಾಸ್‌ಬುಕ್‌ನಲ್ಲಿ ಕಾಣಲು ಇನ್ನೂ ಕೆಲವು ದಿನ ಬೇಕು. ತಿಂಗಳ ಕೊನೆಯಲ್ಲಿ passbook.epfindia.gov.in ಅಥವಾ ಉಮಂಗ್ ಆ್ಯಪ್‌ನಲ್ಲಿ ನೋಡಿ. ಸ್ಲಿಪ್‌ನಲ್ಲಿ ಯುಎಎನ್, ಅಂದರೆ ನಿಮ್ಮ 12 ಅಂಕಿಯ ಪಿಎಫ್ ಸಂಖ್ಯೆ ಇದೆಯೇ? ಅದರಲ್ಲಿರುವ ಹೆಸರು, ಜನ್ಮ ದಿನಾಂಕ ಆಧಾರ್ ಜೊತೆ ಅಕ್ಷರಕ್ಕಕ್ಷರ ಹೊಂದಬೇಕು. ನಮ್ಮ ಜಿಲ್ಲೆಯಲ್ಲಿ ಹೆಗಡೆ ಒಂದು ಕಡೆ ಹೆಗ್ಡೆ, ನಾಯ್ಕ ಒಂದು ಕಡೆ ನಾಯಕ ಆಗಿ, ಹಣ ತೆಗೆಯುವಾಗ ಅರ್ಜಿ ತಿರಸ್ಕೃತವಾದದ್ದನ್ನು ನಾನೇ ಕಂಡಿದ್ದೇನೆ. ಈಗ ತಿದ್ದಿಸುವುದು ಸುಲಭ.

ಅಂಕೋಲಾ, ಬ್ಯಾಂಕಿನಲ್ಲಿ ಕೆಲಸ:
ವೃತ್ತಿ ತೆರಿಗೆಯ ಮಿತಿ ಬದಲಾದದ್ದು ನನಗೆ ತಿಳಿದಿರಲಿಲ್ಲ, ತಪ್ಪು ಹೇಳಿದೆ. ತಂಗಿ, ಕ್ಷಮಿಸು. ಆದರೆ ಒಂದು ಸಂಶಯ. ಸ್ಪೆಷಲ್ ಅಲೋವನ್ಸ್ ಎಲ್ಲರಿಗೂ ಒಂದೇ ರೀತಿ ಕೊಡುವುದಾದರೆ ಅದೂ ಪಿಎಫ್ ಲೆಕ್ಕಕ್ಕೆ ಸೇರಬೇಕು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತಲ್ಲ? ಹಾಗಾದರೆ ಬರೀ 8,000ದ ಮೇಲೆ ಶೇ. 12 ಹಾಕಿದ್ದು ಹೇಗೆ ಸರಿ?

ಶಿರಸಿ:
ತೀರ್ಪು ನೀವು ಹೇಳಿದಂತೆಯೇ ಇದೆ. ಆ 3,200 ಎಲ್ಲರಿಗೂ ಸಿಗುವಂಥದ್ದೋ, ಕೆಲಸ ನೋಡಿ ಕೊಡುವಂಥದ್ದೋ ಅಂತ ಅವರ ಆಫೀಸಿನಲ್ಲಿ ಕೇಳಬೇಕು. ಇಲ್ಲಿ ಕೂತು ನಾನು ತೀರ್ಮಾನ ಹೇಳಲಾರೆ. ಎಚ್‌ಆರ್‌ಎ ಮಾತ್ರ ಪಿಎಫ್ ಲೆಕ್ಕಕ್ಕೆ ಸೇರುವುದಿಲ್ಲ.

ಕೇಳಿದವರು, ಕುಮಟಾ (ಜುಲೈ ಕೊನೆ):
ಎಲ್ಲರಿಗೂ ಧನ್ಯವಾದ. ಪಿಟಿ ತಪ್ಪಾಗಿದೆ ಅಂತ ಆಫೀಸಿನವರು ಒಪ್ಪಿದರು, ಜುಲೈ ಸಂಬಳದ ಜೊತೆ 200 ಸೇರಿಸ್ತಾರಂತೆ. ಪೂರ್ತಿ ತಿಂಗಳಾದ್ದರಿಂದ ಪಿಎಫ್ 1,440, ಇಎಸ್‌ಐ 150 ಹೋಗಿ 18,410, ಅದರ ಮೇಲೆ ಆ 200 ಬರಬೇಕು ಅಂತ ಅಪ್ಪನ ಮುಂದೆ ಕೂತು ಲೆಕ್ಕ ಹಾಕಿದೆ. ಪಾಸ್‌ಬುಕ್‌ನಲ್ಲಿ ಜೂನ್‌ದು ಬಂದಿದೆ: 960, 294, 666. ಸ್ಪೆಷಲ್ ಅಲೋವನ್ಸ್ ಬಗ್ಗೆ ಕೇಳಿದ್ದಕ್ಕೆ ಹುಬ್ಬಳ್ಳಿಯ ಕಚೇರಿಗೆ ಬರೆದಿದ್ದೇವೆ, ಉತ್ತರ ಬರಲಿ ಅಂದರು. ಬಂದ ಮೇಲೆ ಇಲ್ಲೇ ತಿಳಿಸ್ತೇನೆ.