ನಾಡಿದ್ದು ಸ್ಲ್ಯಾಬ್: ಫ್ಯಾನ್ ಬಾಕ್ಸ್ ಮತ್ತೆ ಕಾಂಕ್ರೀಟಿನೊಳಗೆ ಹೂತು ಹೋಗದಂತೆ ಏನು ಮಾಡಬೇಕು?

ಸಿಂಧನೂರು ಮನೆ:
ನಾಡಿದ್ದು ಬೆಳಿಗ್ಗೆ ಮೊದಲ ಮಹಡಿಯ ಸ್ಲ್ಯಾಬ್ ಹಾಕುತ್ತಿದ್ದೇವೆ. ದಪ್ಪ 5 ಇಂಚು, ಕೆಳಗೆ ಕಬ್ಬಿಣದ ಸೆಂಟ್ರಿಂಗ್ ಶೀಟ್. ಕೆಳಗಿನ ಮನೆಗೆ ಹಾಕಿದಾಗ ಐದು ಫ್ಯಾನ್ ಬಾಕ್ಸ್‌ಗಳಲ್ಲಿ ಮೂರು ಕಾಣಲೇ ಇಲ್ಲ. ಶೀಟ್ ಬಿಚ್ಚಿದ ಮೇಲೆ ಅಂದಾಜಿನ ಮೇಲೆ ಉಳಿ ಹಿಡಿದು ಕೆತ್ತಿ ಹುಡುಕಬೇಕಾಯಿತು. ಮೂರೂ ಹೆಚ್ಚುಕಮ್ಮಿ ಮುಕ್ಕಾಲು ಇಂಚು ಒಳಗಿದ್ದವು. ವೈಬ್ರೇಟರ್ ಹೊಡೆತಕ್ಕೆ ಎದ್ದಿವೆ ಅಂತ ಗೌಂಡಿ ಹೇಳುತ್ತಾರೆ. ಈ ಸಲ ಒಂಬತ್ತು ಬಾಕ್ಸ್ ಇವೆ. ಇವತ್ತು ನೋಡಿದರೆ ಹುಕ್ಕಿನ ಸರಳು 8 ಎಂಎಂ, ಅದರ ತುದಿಗಳು ಜಾಲಿಯ ಕೆಳಗೆ ಶೀಟಿನ ಮೇಲೆ ಸುಮ್ನೆ ಕೂತಿವೆ.

ಕೊಪ್ಪಳ ವೈರಿಂಗ್:
ಸರಳನ್ನು ಜಾಲಿಗೆ ವೆಲ್ಡಿಂಗ್ ಮಾಡಿಸಿಬಿಡಿ ಸರ್, ಜನ್ಮದಲ್ಲಿ ಬೀಳಲ್ಲ. ಬಾಕ್ಸಿನೊಳಗೆ ಒದ್ದೆ ಮರಳು ತುಂಬಿ, ಸಿಮೆಂಟ್ ಹಾಲು ಒಳಗೆ ಹೋಗಲ್ಲ.

ಬಳ್ಳಾರಿ ಸೈಟ್ ಎಂಜಿನಿಯರ್:
ಹಾಲು ತಡೀಬೇಕು ಅನ್ನೋದು ಸರಿ. ಆದರೆ ವೆಲ್ಡಿಂಗ್ ಬೇಡ. ಟಿಎಂಟಿ ಸರಳಿನ ಬಲ ಇರುವುದು ಅದರ ಹೊರಪದರದಲ್ಲಿ, ಸುಟ್ಟ ಜಾಗ ಮೆತ್ತಗಾಗುತ್ತದೆ.

ಸಿಂಧನೂರಿನವರೇ, ಒಂದು ಪ್ರಶ್ನೆ. ಕಳೆದ ಸಲ ಕವರ್ ಬ್ಲಾಕ್ ಯಾವಾಗ ಇಟ್ಟರು?

ಸಿಂಧನೂರು ಮನೆ:
ಕಾಂಕ್ರೀಟ್ ಹಾಕುವ ದಿನ ಬೆಳಿಗ್ಗೆ. ಹಾರೆಯಿಂದ ಜಾಲಿ ಎತ್ತಿ ಕೆಳಗೆ ತೂರಿಸಿದರು.

ಬಳ್ಳಾರಿ ಸೈಟ್ ಎಂಜಿನಿಯರ್:
ಹಾಗಾದರೆ ವೈಬ್ರೇಟರ್ ಮೇಲೆ ನನಗೆ ಅನುಮಾನ ಕಡಿಮೆ. ಅದು ಎಬ್ಬಿಸಿದ್ದರೆ ಒಂದೊಂದು ಬಾಕ್ಸ್ ಒಂದೊಂದು ಎತ್ತರಕ್ಕೆ, ಓರೆಯಾಗಿ ಹೋಗಿರುತ್ತಿತ್ತು. ನಿಮ್ಮವು ಮೂರೂ ಒಂದೇ ಆಳ. ಕವರ್ ಬ್ಲಾಕ್ 20 ಎಂಎಂ, ಅಂದರೆ ಅದೇ ಮುಕ್ಕಾಲು ಇಂಚು. ಜಾಲಿ ಶೀಟಿನ ಮೇಲೆ ಮಲಗಿದ್ದಾಗಲೇ ಹುಕ್ಕಿನ ಸರಳನ್ನು ಬಿಗಿದು ಕಟ್ಟಿದ್ದಾರೆ. ಆಮೇಲೆ ಜಾಲಿ ಎತ್ತಿದಾಗ ಬಾಕ್ಸೂ ಜೊತೆಗೆ ಎದ್ದಿದೆ.

ಅದಕ್ಕೇ ನಾಳೆ ಮೊದಲು ಕವರ್ ಬ್ಲಾಕ್ ಇಡಿಸಿ, ಜಾಲಿ ತನ್ನ ಎತ್ತರಕ್ಕೆ ಬರಲಿ. ಆಮೇಲೆ ಬಾಕ್ಸ್. ಶೀಟಿಗೆ ಮೊಳೆ ಹೊಡೆಯಲು ಆಗಲ್ಲ ಅಲ್ವಾ? ಬಾಕ್ಸಿನ ಕೆಳಗೆ ಶೀಟಿನಲ್ಲಿ ಎರಡು ಸಣ್ಣ ತೂತು ಕೊರೆದು, ಬೈಂಡಿಂಗ್ ವೈರ್ ಕೆಳಗಿಳಿಸಿ, ಒಂದು ಕಡ್ಡಿಗೆ ಸುತ್ತಿ ತಿರುಚಿ. ಬಾಕ್ಸ್ ಶೀಟಿಗೆ ಕಚ್ಚಿಕೊಳ್ಳುತ್ತದೆ. ಒಳಗೆ ಕಾಗದ ಒತ್ತಿ ತುಂಬಿ, ಸರಳು ಹೊರಬರುವ ತೂತುಗಳಿಗೆಲ್ಲ ಟೇಪ್ ಸುತ್ತಿ. ಮರಳಾದರೆ ವೈಬ್ರೇಟರ್ ಇಟ್ಟಾಗ ಸಂದಿಯಲ್ಲಿ ಸೋರುತ್ತದೆ.

ಕೊನೆಗೆ ಸರಳು. 8 ಎಂಎಂ ತೆಗೆಸಿ 12 ಎಂಎಂ ಹಾಕಿಸಿ, ಎರಡೂ ಕಡೆ ಒಂದೊಂದು ಅಡಿ ಚಾಚಿರಲಿ. ಆ ತೋಳುಗಳು ಕೆಳಜಾಲಿಯ ಸರಳುಗಳ ಮೇಲೆ ಕೂರಬೇಕು. ಆಗ ಫ್ಯಾನಿನ ಭಾರ ಜಾಲಿಯ ಮೇಲೆ ಬೀಳುತ್ತದೆ, ಬೈಂಡಿಂಗ್ ವೈರ್ ಜಾಗ ತಪ್ಪದಂತೆ ಹಿಡಿದರೆ ಸಾಕು. ಈಗಿರುವಂತೆ ಕೆಳಗಿದ್ದರೆ ಹುಕ್ಕು ನೇತಾಡುವುದು ಬರೀ ತೆಳು ಸಿಮೆಂಟಿನ ಮೇಲೆ. ಜೊತೆಗೆ ಆ ತುದಿಗಳು ತುಕ್ಕು ಹಿಡಿದು ಅಲ್ಲೇ ಸೀಲಿಂಗ್ ಸಿಪ್ಪೆ ಏಳುತ್ತದೆ.

ಗಂಗಾವತಿ ಅಕ್ಕ:
ನಮ್ಮದೂ ಸ್ಲ್ಯಾಬಿನದೇ ತೊಂದರೆ. ಟಾಯ್ಲೆಟ್ ಪೈಪ್ ಇಳಿಯುವ ಕಡೆ ಸುತ್ತ ನೀರು ಜಿನುಗುತ್ತದೆ. ಸ್ಲ್ಯಾಬ್ ಹಾಕಿದ ಮೇಲೆ ಒಡೆದು ಪೈಪ್ ಇಳಿಸಿದ್ದರು. ಫ್ಯಾನ್ ಬಾಕ್ಸಿಗೂ ಹೀಗೆ ನೀರು ಬರುತ್ತಾ?

ಬಳ್ಳಾರಿ ಸೈಟ್ ಎಂಜಿನಿಯರ್:
ಅಕ್ಕ, ನಿಮ್ಮದು ಬೇರೆ ಕೇಸು. ಅಲ್ಲಿ ಮೊದಲೇ ಸ್ಲೀವ್ ಇಡಬೇಕಿತ್ತು. 110 ಎಂಎಂ ಪೈಪಿಗೆ 160ರ ತುಂಡು, ಸ್ಲ್ಯಾಬಿನ ಮೇಲೆ ಎರಡು ಇಂಚು ಎದ್ದಿರುವಂತೆ. ಸರಳು ಅಡ್ಡ ಬಂದರೆ ಪಕ್ಕಕ್ಕೆ ಸರಿಸಬೇಕು, ಕತ್ತರಿಸಬಾರದು. ಒಡೆದ ಜಾಗದಲ್ಲಿ ಸರಳು ಕಡಿದಿದ್ದಾರಾ ನೋಡಿಸಿ, ಫೋಟೋ ಹಾಕಿ. ನೋಡದೆ ಔಷಧಿ ಹೇಳಲ್ಲ.

ಕೊಪ್ಪಳ ವೈರಿಂಗ್:
ವೆಲ್ಡಿಂಗ್ ಮಾತು ಒಪ್ಪಿದೆ ಸರ್. ವೈರಿಂಗ್ ಪೈಪಿನ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನಮ್ಮ ಕಡೆ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಶೀಟ್ ಕಾದು ಪಿವಿಸಿ ಪೈಪ್ ಮೆತ್ತಗಾಗಿ ಬಾಗುತ್ತದೆ. ಸೊಲ್ಯೂಷನ್ ಹಚ್ಚದ ಜಾಯಿಂಟ್ ರಾತ್ರಿ ತಣ್ಣಗಾದಾಗ ಬಿಟ್ಟುಕೊಳ್ಳುತ್ತದೆ. ಕಾಂಕ್ರೀಟಿಗೆ ಮೊದಲು ಪ್ರತಿ ಪೈಪಿನಲ್ಲೂ ತಂತಿ ಹಾಯಿಸಿ ನೋಡಿ. ಪೈಪ್ ಕೆಳಜಾಲಿಯ ಮೇಲೆ ಇರಬೇಕು, ಶೀಟಿಗೆ ತಾಗಬಾರದು.

ಸಿಂಧನೂರು ಮನೆ:
ಎಲ್ಲಾ ಹೇಳಿದ ಹಾಗೆ ಮಾಡಿಸಿದೆ. ಆಮೇಲೆ ಒಂಬತ್ತೂ ಬಾಕ್ಸಿನ ಅಂಚಿಗೆ ಹ್ಯಾಕ್ಸಾ ಬ್ಲೇಡ್ ತೂರಿಸಿ ನೋಡಿದೆ. ಎಂಟರಲ್ಲಿ ಹೋಗಲಿಲ್ಲ. ಅಡುಗೆಮನೆಯದರಲ್ಲಿ ಅರ್ಧ ಬ್ಲೇಡ್ ಸಲೀಸಾಗಿ ಹೋಯಿತು, ಬಿಚ್ಚಿ ಮತ್ತೆ ಬಿಗಿಸಿದೆವು. ಗೋಡೆಯಿಂದ ಟೇಪ್ ಹಿಡಿದು ಪ್ರತಿಯೊಂದರ ಫೋಟೋ ತೆಗೆದಿದ್ದೇನೆ.

ಒಂದು ಉಳಿದಿದೆ. ಮೆಟ್ಟಿಲ ಪಕ್ಕ ನಾಲ್ಕು 25 ಎಂಎಂ ಪೈಪ್ ಒಂದಕ್ಕೊಂದು ಅಂಟಿಕೊಂಡೇ ಹೋಗಿವೆ.

ಬಳ್ಳಾರಿ ಸೈಟ್ ಎಂಜಿನಿಯರ್:
ನಡುವೆ ಜಲ್ಲಿ ಇಳಿಯುವಷ್ಟು, ಎರಡು ಇಂಚಾದರೂ ಬಿಡಿಸಿ.

ಕೊಪ್ಪಳ ವೈರಿಂಗ್:
ಡಿಬಿ ಹತ್ತಿರ ಅಷ್ಟು ಜಾಗ ಎಲ್ಲಿ ಸಿಗುತ್ತೆ ಸರ್? ನಾನು ಅಲ್ಲಿ ಎರಡನ್ನು ಗೋಡೆಯಲ್ಲೇ ಇಳಿಸುತ್ತೇನೆ.

ಬಳ್ಳಾರಿ ಸೈಟ್ ಎಂಜಿನಿಯರ್:
ಅದು ಬೀಮ್ ಎಲ್ಲಿದೆ ಅನ್ನೋದರ ಮೇಲೆ ಹೋಗುತ್ತದೆ. ಆ ಮೂಲೆಯ ಫೋಟೋ ಇವತ್ತೇ ರಾತ್ರಿ ಹಾಕಿ.